ವಿಮಾನ ರದ್ದಾಗಿ ಕೆಲಸಕ್ಕೆ ಮರಳುವುದು ತಡವಾದರೆ: ರಜೆ ವಿಸ್ತರಣೆ ಪತ್ರ ಬರೆಯುವ ಬಗೆ

2024ರ ಜುಲೈ ಕೊನೆಯ ವಾರ ಲೇಹ್‌ನಲ್ಲಿ ಅಲ್ಲಿನವರಿಗೇ ಅಪರೂಪವೆನಿಸುವಷ್ಟು ಸೆಖೆ ಇತ್ತು. ಲೇಹ್ ವಿಮಾನ ನಿಲ್ದಾಣ ಇರುವುದು ಸುಮಾರು 10,700 ಅಡಿ ಎತ್ತರದಲ್ಲಿ. ಅಲ್ಲಿ ಗಾಳಿ ಮೊದಲೇ ತೆಳು, ಬಿಸಿಯಾದರೆ ಇನ್ನೂ ತೆಳುವಾಗುತ್ತದೆ. ಆಗ ರೆಕ್ಕೆಗೂ ಎಂಜಿನ್‌ಗೂ ಬೇಕಾದ ಬಲ ಸಿಗುವುದಿಲ್ಲ. ಅದೇ ಕಾರಣಕ್ಕೆ ಆ ವಾರದ ಕೊನೆಯಲ್ಲಿ ಸಾಲಾಗಿ ವಿಮಾನಗಳು ರದ್ದಾದವು. ನಮ್ಮ ಕಾರ್ಖಾನೆಯ ಲೆಕ್ಕಪತ್ರ ವಿಭಾಗದ ಹುಡುಗಿಯೊಬ್ಬಳು ಗಂಡ, ಮಗುವಿನ ಜೊತೆ ಆಗ ಅಲ್ಲೇ ಇದ್ದಳು. ಭಾನುವಾರ ಹೊರಟು ಸೋಮವಾರ ಬೆಳಿಗ್ಗೆ ಪೀಣ್ಯದಲ್ಲಿ ಪಂಚ್ ಮಾಡಬೇಕಿತ್ತು. ಭಾನುವಾರ ಬೆಳಿಗ್ಗೆ ಏಳೂವರೆ ಹೊತ್ತಿಗೆ ಅವಳು ಮ್ಯಾನೇಜರ್‌ಗೆ ಕಳಿಸಿದ ವಾಟ್ಸಾಪ್ ಇಷ್ಟೇ: "ಸರ್, ಫ್ಲೈಟ್ ಕ್ಯಾನ್ಸಲ್ ಆಗಿದೆ. ನಾಳೆ ಬರೋಕೆ ಆಗಲ್ಲ. ದಯವಿಟ್ಟು ಅಡ್ಜಸ್ಟ್ ಮಾಡ್ಕೊಳ್ಳಿ."

ಅದರಲ್ಲಿ ಸುಳ್ಳೇನೂ ಇರಲಿಲ್ಲ, ಆದರೂ ಮ್ಯಾನೇಜರ್ ಮೂರು ಸಲ ಫೋನ್ ಮಾಡಬೇಕಾಯಿತು. ನಾನು ಸಿಬ್ಬಂದಿ ವಿಭಾಗದಲ್ಲಿದ್ದೇನೆ. ರಜೆ ವಿಸ್ತರಣೆಯ ಪತ್ರಗಳು ಕೊನೆಗೆ ಬಂದು ಕೂರುವುದು ನನ್ನ ಮೇಜಿನ ಮೇಲೆ. ಹೆಚ್ಚಿನ ಪತ್ರಗಳಲ್ಲಿ ಕಷ್ಟದ ವರ್ಣನೆ ಧಾರಾಳವಾಗಿರುತ್ತದೆ, ಕ್ಷಮೆಯೂ ಇರುತ್ತದೆ. ಬರುವ ತಾರೀಖು ಮಾತ್ರ ಇರುವುದಿಲ್ಲ. ಆ ಹುಡುಗಿ ಅದೇ ದಿನ ಮಧ್ಯಾಹ್ನ ಬರೆದ ಎರಡನೇ ಪತ್ರ ಚೆನ್ನಾಗಿತ್ತು. ಅದನ್ನೇ ಮುಂದಿಟ್ಟುಕೊಂಡು ಹೆಜ್ಜೆ ಹೆಜ್ಜೆಯಾಗಿ ಹೇಳುತ್ತೇನೆ.

ಮೊದಲು ಸುದ್ದಿ, ಆಮೇಲೆ ಪತ್ರ

ವಿಮಾನ ರದ್ದಾದ ಕೂಡಲೇ ಪೂರ್ತಿ ಪತ್ರ ಬರೆಯಲು ಆಗುವುದಿಲ್ಲ. ಮುಂದಿನ ವಿಮಾನ ಯಾವುದೆಂದು ನಿಮಗೇ ಇನ್ನೂ ಗೊತ್ತಿರುವುದಿಲ್ಲ. ಎಲ್ಲ ಗೊತ್ತಾದ ಮೇಲೆ ತಿಳಿಸೋಣ ಎಂದು ಸುಮ್ಮನಿದ್ದರೆ ಸಂಜೆಯಾಗುತ್ತದೆ. ಅಷ್ಟರಲ್ಲಿ ನಾಳೆಯ ಕೆಲಸವನ್ನು ಬೇರೆಯವರಿಗೆ ವಹಿಸುವ ಸಮಯ ಮ್ಯಾನೇಜರ್ ಕೈಯಿಂದ ಜಾರಿರುತ್ತದೆ. ಹಾಗಾಗಿ ಕೆಲಸವನ್ನು ಎರಡು ಭಾಗ ಮಾಡಿಕೊಳ್ಳಿ. ಗೊತ್ತಾದ ಅರ್ಧ ಗಂಟೆಯೊಳಗೆ ಮೂರು ಸಾಲಿನ ಸಂದೇಶ ಹೋಗಲಿ. ಹೊಸ ಟಿಕೆಟ್ ಕೈಗೆ ಬಂದ ಮೇಲೆ ಪತ್ರ.

ಆ ಮೂರು ಸಾಲಿನಲ್ಲಿ ಇರಬೇಕಾದ್ದು ಹೀಗೆ: "ಸರ್, ಇವತ್ತು ಬೆಳಿಗ್ಗೆಯ ಲೇಹ್–ದೆಹಲಿ ವಿಮಾನ ರದ್ದಾಗಿದೆ. ನಾಳೆ ಸೋಮವಾರ ಕೆಲಸಕ್ಕೆ ಬರಲು ಆಗುವುದಿಲ್ಲ. ಬದಲಿ ವಿಮಾನಕ್ಕೆ ಕೌಂಟರ್‌ನಲ್ಲಿ ನಿಂತಿದ್ದೇನೆ, ಮಧ್ಯಾಹ್ನ 2 ಗಂಟೆಯೊಳಗೆ ಬರುವ ದಿನ ತಿಳಿಸಿ ಮೇಲ್ ಹಾಕುತ್ತೇನೆ." ಮುಂದಿನ ಸುದ್ದಿ ಎಷ್ಟು ಗಂಟೆಗೆ ಸಿಗುತ್ತದೆ ಎಂದು ಹೇಳಿದ ಆ ಕೊನೆಯ ಸಾಲೇ ಮುಖ್ಯ. ಆ ಗಂಟೆಗೆ ಟಿಕೆಟ್ ಸಿಗದಿದ್ದರೂ "ಇನ್ನೂ ಸಿಕ್ಕಿಲ್ಲ ಸರ್" ಎಂದಾದರೂ ತಿಳಿಸಿಬಿಡಿ.

ಲಡಾಖ್‌ಗೆ ಹೋಗುವವರು ಒಂದು ವಿಷಯ ತಿಳಿದಿರಬೇಕು. ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಮಾತ್ರ. ಇವಳದು ಪ್ರೀಪೇಯ್ಡ್. ಗಂಡನ ಪೋಸ್ಟ್‌ಪೇಯ್ಡ್ ನಂಬರಿನಿಂದ ಸಂದೇಶ ಬಂದಿದ್ದರಿಂದ ಮ್ಯಾನೇಜರ್‌ಗೆ ಮೊದಲು ಯಾರೆಂದೇ ತಿಳಿಯಲಿಲ್ಲ. ಬೇರೆಯವರ ಫೋನಿನಿಂದ ಕಳಿಸುವುದಾದರೆ ಮೊದಲ ಸಾಲಿನಲ್ಲೇ ಹೆಸರು, ವಿಭಾಗ, ನಿಮ್ಮನ್ನು ಹಿಡಿಯಬಹುದಾದ ನಂಬರ್ ಬರೆಯಿರಿ. ಸಂದೇಶಕ್ಕೆ ನೀಲಿ ಗೀಟು ಬಾರದಿದ್ದರೆ ಹೊತ್ತು ನೋಡಿ ಒಂದು ಫೋನೂ ಮಾಡಿ.

ಹೊಸ ಟಿಕೆಟ್‌ಗೆ ಒಪ್ಪುವ ಮೊದಲು ಹಳೆಯದರ ಸ್ಕ್ರೀನ್‌ಶಾಟ್

ವಿಮಾನಯಾನ ಸಂಸ್ಥೆ ತಾನಾಗಿ ವಿಮಾನ ರದ್ದು ಮಾಡಿದರೆ, ವಿಮಾನಯಾನದ ಸರ್ಕಾರಿ ನಿಯಂತ್ರಕ ಸಂಸ್ಥೆ ಡಿಜಿಸಿಎಯ ನಿಯಮದಂತೆ ಬದಲಿ ವಿಮಾನವನ್ನಾದರೂ ಪೂರ್ತಿ ಹಣವನ್ನಾದರೂ ಕೇಳುವ ಹಕ್ಕು ನಿಮಗಿದೆ. ಹವಾಮಾನದಂಥ, ಸಂಸ್ಥೆಯ ಕೈಮೀರಿದ ಕಾರಣವಾಗಿದ್ದರೆ ಅದರ ಮೇಲೆ ಬೇರೆ ಪರಿಹಾರ ಸಿಗುವುದಿಲ್ಲ. ಇಲ್ಲಿ ನಮಗೆ ಮುಖ್ಯವಾದುದು ದಾಖಲೆ. ಆ್ಯಪ್‌ನಲ್ಲಿ ಬದಲಿ ದಿನ ಆಯ್ಕೆ ಮಾಡಿದ ಕೂಡಲೇ ಹಳೆಯ ಪ್ರಯಾಣದ ವಿವರ ಮರೆಯಾಗಿ ಹೊಸ ತಾರೀಖು ಬಂದು ಕೂರುತ್ತದೆ. ಆಮೇಲೆ ಆ ಟಿಕೆಟ್ ನೋಡಿದವರಿಗೆ ನೀವು ಮೊದಲಿನಿಂದಲೂ ಆ ಹೊಸ ದಿನಕ್ಕೇ ಬುಕ್ ಮಾಡಿದ್ದಂತೆ ಕಾಣುತ್ತದೆ. ಹಣ ವಾಪಸ್ ಪಡೆದು ಬೇರೆ ಟಿಕೆಟ್ ಕೊಂಡರಂತೂ, ನೀವೇ ರದ್ದು ಮಾಡಿದಿರೋ ಸಂಸ್ಥೆ ರದ್ದು ಮಾಡಿತೋ ಎಂಬ ಪ್ರಶ್ನೆ ಏಳುತ್ತದೆ.

ಅದಕ್ಕೆ, ಏನನ್ನೂ ಒತ್ತುವ ಮೊದಲು ರದ್ದಾದ ಎಸ್‌ಎಂಎಸ್ ಅಥವಾ ಮೇಲ್‌ನ ಸ್ಕ್ರೀನ್‌ಶಾಟ್ ತೆಗೆಯಿರಿ. ಅದರಲ್ಲಿ ವಿಮಾನದ ಸಂಖ್ಯೆ, ಪ್ರಯಾಣದ ದಿನ, ಸಂದೇಶ ಬಂದ ಸಮಯ ಮೂರೂ ಕಾಣಬೇಕು. ಸಂದೇಶವೇ ಬಾರದೆ ಕೌಂಟರ್‌ನಲ್ಲಿ ಬಾಯಿಮಾತಲ್ಲಿ ಹೇಳಿದ್ದರೆ ನಿಲ್ದಾಣದ ಬೋರ್ಡಿನ ಫೋಟೊ ತೆಗೆದುಕೊಳ್ಳಿ, ರದ್ದತಿಯನ್ನು ಬರಹದಲ್ಲಿ ಕೊಡಿ ಎಂದು ಅಲ್ಲೇ ಕೇಳಿ.

ಸ್ಕ್ರೀನ್‌ಶಾಟ್ ಕಳಿಸುವಾಗ ಪಿಎನ್‌ಆರ್ ಸಂಖ್ಯೆಯ ಮೇಲೆ ಗೀಟು ಎಳೆದು ಮುಚ್ಚಿ. ಅನೇಕ ಸಂಸ್ಥೆಗಳ ವೆಬ್‌ಸೈಟಿನಲ್ಲಿ ಪಿಎನ್‌ಆರ್ ಮತ್ತು ಕೊನೆಯ ಹೆಸರು ಎರಡೇ ಸಾಕು, ಯಾರು ಬೇಕಾದರೂ ನಿಮ್ಮ ಟಿಕೆಟ್ ತೆರೆದು ಬದಲಾಯಿಸಬಹುದು. ಮ್ಯಾನೇಜರ್ ಹಾಗೆ ಮಾಡುತ್ತಾರೆಂದಲ್ಲ. ಆ ಚಿತ್ರ ಅವರಿಂದ ನನಗೆ, ನನ್ನಿಂದ ವಿಭಾಗದ ಗ್ರೂಪಿಗೆ ಹೋಗುತ್ತದೆ. ಎಲ್ಲಿ ನಿಲ್ಲುತ್ತದೆಂದು ಹೇಳಲಾಗದು.

ದಿನಗಳನ್ನು ಎಣಿಸುವುದು

ಹೆಚ್ಚು ತಪ್ಪಾಗುವುದು ಇಲ್ಲೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಇವಳಿಗೆ ಮಂಜೂರಾಗಿದ್ದು ಜುಲೈ 22ರ ಸೋಮವಾರದಿಂದ 27ರ ಶನಿವಾರದವರೆಗೆ, ಆರು ದಿನದ ಗಳಿಕೆ ರಜೆ. 28 ಭಾನುವಾರ ವಾರದ ರಜೆ. 29ಕ್ಕೆ ಹಾಜರಾಗಬೇಕಿತ್ತು. ಬದಲಿ ವಿಮಾನ ಸಿಕ್ಕಿದ್ದು 30ರ ಮಂಗಳವಾರ ಬೆಳಿಗ್ಗೆಗೆ. ದೆಹಲಿಯಲ್ಲಿ ವಿಮಾನ ಬದಲಿಸಿ ಬೆಂಗಳೂರು ಸೇರುವಾಗ ರಾತ್ರಿ ಹತ್ತು ದಾಟುತ್ತದೆ. ಹಾಗಾದರೆ ಕೇಳಬೇಕಾದ್ದು 29 ಮತ್ತು 30, ಎರಡೇ ದಿನ, ಹಾಜರಾಗುವುದು 31ರ ಬುಧವಾರ. ಅವಳ ಮೊದಲ ಕರಡಿನಲ್ಲಿ "30ರವರೆಗೆ ರಜೆ ವಿಸ್ತರಿಸಿ" ಎಂದಷ್ಟೇ ಇತ್ತು. 30ಕ್ಕೆ ಬರುತ್ತಾಳೋ, 31ಕ್ಕೋ? ಓದಿದವರು ಒಬ್ಬೊಬ್ಬರು ಒಂದೊಂದು ತಿಳಿದುಕೊಂಡರು. ಅದಕ್ಕೇ ನಾನು ಯಾವಾಗಲೂ ಹೇಳುವುದು: ಎಂದಿನಿಂದ, ಎಂದಿನವರೆಗೆ, ಒಟ್ಟು ಎಷ್ಟು ದಿನ, ಯಾವ ದಿನ ಹಾಜರು, ಈ ನಾಲ್ಕನ್ನೂ ವಾರದ ಹೆಸರಿನ ಸಮೇತ ಬರೆಯಿರಿ. ತಾರೀಖು ತಪ್ಪಾಗಿ ಬಿದ್ದರೂ ವಾರ ಅದನ್ನು ಹಿಡಿದುಕೊಡುತ್ತದೆ.

ಇನ್ನು ನಡುವೆ ಸಿಕ್ಕ ಆ ಭಾನುವಾರ. ಮೊದಲು ಅದು ರಜೆಯ ಕೊನೆಗೆ ಅಂಟಿಕೊಂಡಿದ್ದ ವಾರದ ರಜೆ ಅಷ್ಟೆ. ರಜೆ ಮುಂದುವರಿದ ಮೇಲೆ ಎರಡು ಕಡೆಯೂ ರಜೆ, ನಡುವೆ ಭಾನುವಾರ. ಕೆಲವು ಕಚೇರಿಗಳು ಅದನ್ನೂ ರಜೆಯೆಂದೇ ಎಣಿಸುತ್ತವೆ, ಸ್ಯಾಂಡ್‌ವಿಚ್ ನಿಯಮ ಎನ್ನುವುದು ಇದಕ್ಕೇ. ಆಗ ಎರಡು ದಿನ ಕೇಳಿದವರಿಗೆ ಮೂರು ದಿನ ಕಳೆಯುತ್ತದೆ. ನಮ್ಮದು ಕಾರ್ಖಾನೆ. ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 79ನೇ ಕಲಮಿನ ಪ್ರಕಾರ ವೇತನಸಹಿತ ವಾರ್ಷಿಕ ರಜೆಯ ನಡುವೆ ಅಥವಾ ಅಂಚಿಗೆ ಬರುವ ರಜಾದಿನಗಳು ಆ ರಜೆಯ ಲೆಕ್ಕಕ್ಕೆ ಸೇರುತ್ತಿರಲಿಲ್ಲ, ಹಾಗಾಗಿ ಅವಳ ಭಾನುವಾರ ಉಳಿಯಿತು. ನಿಮ್ಮ ಕಚೇರಿಯ ರಜೆ ನಿಯಮದಲ್ಲಿ ಏನಿದೆ ಎಂದು ನೋಡಿಕೊಂಡು ಸಂಖ್ಯೆ ಬರೆಯಿರಿ.

ಯಾವ ರಜೆ ಎಂಬುದನ್ನೂ ನೀವೇ ಹೇಳಬೇಕು. ಗಳಿಕೆ ರಜೆಯ ಮೇಲಿರುವವರು ವಿಸ್ತರಣೆಯನ್ನು ಸಾಂದರ್ಭಿಕ ರಜೆಯಾಗಿ ಕೇಳಿದರೆ ಅರ್ಜಿ ಹಿಂದಿರುಗುವ ಸಾಧ್ಯತೆ ಹೆಚ್ಚು. ಸರ್ಕಾರಿ ನೌಕರರಿಗೆ ಗಳಿಕೆ ರಜೆಗೆ ಸಾಂದರ್ಭಿಕ ರಜೆಯನ್ನು ಸೇರಿಸುವಂತಿಲ್ಲ. ಖಾಸಗಿ ಕಚೇರಿಗಳಲ್ಲೂ ಬಹಳ ಕಡೆ ಇದೇ ರೂಢಿ. ಆದ್ದರಿಂದ ಮೊದಲು ಪಡೆದಿದ್ದ ರಜೆಯನ್ನೇ ಮುಂದುವರಿಸಲು ಕೇಳಿ. ಬಾಕಿ ಇಲ್ಲದಿದ್ದರೆ ಸಂಬಳರಹಿತ ರಜೆಯಾದರೂ ಆದೀತು ಎಂದು ಸೇರಿಸಿ. ದಯವಿಟ್ಟು ಮೆಡಿಕಲ್ ರಜೆ ಮಾತ್ರ ಕೇಳಬೇಡಿ. ವೈದ್ಯರ ಚೀಟಿ ಒಂದು ಕಡೆ, ವಿಮಾನ ನಿಲ್ದಾಣದ ಫೋಟೊ ಇನ್ನೊಂದು ಕಡೆ ಇರುವ ಕಡತವನ್ನು ನಾನು ನೋಡಿದ್ದೇನೆ. ಎರಡು ದಿನದ ರಜೆಗಾಗಿ ಆ ನೌಕರ ಹಲವು ವರ್ಷದ ನಂಬಿಕೆ ಕಳೆದುಕೊಂಡ.

"ಬಸ್ಸಿಗೆ ಬರಬಹುದಿತ್ತಲ್ಲ?"

ಈ ಪ್ರಶ್ನೆ ಬಾಯಲ್ಲಿ ಬರದಿದ್ದರೂ ಮ್ಯಾನೇಜರ್ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಹುಬ್ಬಳ್ಳಿಯಿಂದಲೋ ಮಂಗಳೂರಿನಿಂದಲೋ ಬರುವ ವಿಮಾನ ರದ್ದಾದರೆ ರಾತ್ರಿ ಬಸ್ಸೋ ರೈಲೋ ಹಿಡಿದು ಬೆಳಗಾಗುವಷ್ಟರಲ್ಲಿ ಬೆಂಗಳೂರು ಮುಟ್ಟಬಹುದು. ಅಲ್ಲಿಂದ ಎರಡು ದಿನದ ವಿಸ್ತರಣೆ ಕೇಳುವುದು ಸರಿಯಲ್ಲ. ಕೇಳಿದರೆ ಒಂದು ದಿನ, ಅದೂ ಬಸ್ಸಲ್ಲಿ ಸೀಟು ಸಿಗದಿದ್ದರೆ.

ಲೇಹ್‌ನ ಸ್ಥಿತಿ ಬೇರೆ. ಅಲ್ಲಿ ವಿಮಾನಗಳು ಹೆಚ್ಚಾಗಿ ಬೆಳಗಿನ ಹೊತ್ತೇ ಹಾರುವುದು. ಮಧ್ಯಾಹ್ನ ಕಣಿವೆಯಲ್ಲಿ ಗಾಳಿ ಏಳುತ್ತದೆ, ಬಿಸಿಲೂ ಏರುತ್ತದೆ. ಬೆಳಗಿನದು ತಪ್ಪಿದರೆ ಸಂಜೆಯದು ನೋಡೋಣ ಎನ್ನುವ ಮಾತಿಲ್ಲ, ಮರುದಿನವೇ. ಆ ಮರುದಿನದ ಸೀಟಿಗೆ ಹಿಂದಿನ ದಿನ ಉಳಿದವರೆಲ್ಲ ಸಾಲಿನಲ್ಲಿರುತ್ತಾರೆ. ರಸ್ತೆಯಲ್ಲಿ ಬರುವುದಾದರೆ ಮನಾಲಿಗೆ ಸುಮಾರು 430 ಕಿಲೋಮೀಟರ್, ದಾರಿಯಲ್ಲಿ ಒಂದು ರಾತ್ರಿ ತಂಗುವುದು ವಾಡಿಕೆ. ಅಲ್ಲಿಂದ ದೆಹಲಿಗೆ ಇನ್ನೊಂದು ರಾತ್ರಿಯ ಬಸ್ಸು. ಭಾನುವಾರ ಹೊರಟರೂ ದೆಹಲಿ ಸೇರುವುದು ಮಂಗಳವಾರ, ಬೆಂಗಳೂರು ಮಂಗಳವಾರ ರಾತ್ರಿ. ಅಂದರೆ ಕಾದು ಹತ್ತುವ ವಿಮಾನಕ್ಕೂ ಇದಕ್ಕೂ ಏನೂ ವ್ಯತ್ಯಾಸವಿಲ್ಲ. ಈ ಲೆಕ್ಕವನ್ನು ಪತ್ರದಲ್ಲಿ ಒಂದೇ ವಾಕ್ಯದಲ್ಲಿ ಹೇಳಿ. ಅವಳು ಹಾಗೆ ಹೇಳಿದ್ದರಿಂದಲೇ ಆ ಪ್ರಶ್ನೆ ಬರಲಿಲ್ಲ.

ರದ್ದಾಗಲು ಕಾರಣ ಸಂಸ್ಥೆಯ ಸಂದೇಶದಲ್ಲಿ ಹೇಗಿದೆಯೋ ಹಾಗೆ ಬರೆಯಿರಿ. ಅದರಲ್ಲಿಲ್ಲದಿದ್ದರೆ ಊಹಿಸಿ ಮಂಜು, ಮಳೆ ಎಂದು ಸೇರಿಸಬೇಡಿ. ಬರೀ "ಸಂಸ್ಥೆಯು ವಿಮಾನ ರದ್ದುಪಡಿಸಿದೆ" ಎಂದರೆ ಸಾಕು.

ಪತ್ರ

ಇದು ಅವಳ ಎರಡನೇ ಪತ್ರ. ಹೆಸರು, ಸಂಖ್ಯೆಗಳನ್ನು ತೆಗೆದಿದ್ದೇನೆ. ಭಾನುವಾರ ಮಧ್ಯಾಹ್ನ ಒಂದೂವರೆಗೆ, ಹೋಟೆಲಿನ ವೈಫೈ ಹಿಡಿದು ಮೇಲ್ ಮಾಡಿದ್ದು.

ವಿಷಯ: ರಜೆ ವಿಸ್ತರಣೆ ಕೋರಿಕೆ – ಜುಲೈ 29 ಮತ್ತು 30 (2 ದಿನ) – ವಿಮಾನ ರದ್ದಾದ ಕಾರಣ

ಮಾನ್ಯರೇ,

ಜುಲೈ 22ರಿಂದ 27ರವರೆಗೆ ಮಂಜೂರಾದ ಗಳಿಕೆ ರಜೆಯ ಮೇಲೆ ನಾನು ಲೇಹ್‌ಗೆ ಬಂದಿದ್ದು, ನಾಳೆ 29ರ ಸೋಮವಾರ ಕೆಲಸಕ್ಕೆ ಹಾಜರಾಗಬೇಕಿತ್ತು. ಇಂದು ಬೆಳಿಗ್ಗೆ ನಾವು ಹೊರಡಬೇಕಿದ್ದ ಲೇಹ್–ದೆಹಲಿ ವಿಮಾನವನ್ನು ಸಂಸ್ಥೆಯು ಹೆಚ್ಚಿನ ತಾಪಮಾನದ ಕಾರಣ ನೀಡಿ ರದ್ದುಪಡಿಸಿದೆ. ನಮಗೆ ಸಿಕ್ಕ ಮೊದಲ ಬದಲಿ ವಿಮಾನ 30ರ ಮಂಗಳವಾರ ಬೆಳಗಿನದು. ಆ ದಿನ ರಾತ್ರಿ ಬೆಂಗಳೂರು ತಲುಪುತ್ತೇವೆ. ರಸ್ತೆಯಲ್ಲಿ ಮನಾಲಿ ಮೂಲಕ ಬಂದರೂ ಮಂಗಳವಾರ ರಾತ್ರಿಗಿಂತ ಮೊದಲು ತಲುಪಲು ಆಗುವುದಿಲ್ಲ.

ಆದ್ದರಿಂದ ಜುಲೈ 29, ಸೋಮವಾರ ಮತ್ತು 30, ಮಂಗಳವಾರ, ಒಟ್ಟು ಎರಡು ದಿನ ನನ್ನ ಗಳಿಕೆ ರಜೆಯನ್ನು ವಿಸ್ತರಿಸಬೇಕೆಂದು ಕೋರುತ್ತೇನೆ. 31ರ ಬುಧವಾರ ಬೆಳಿಗ್ಗೆ ಎಂದಿನ ಸಮಯಕ್ಕೆ ಹಾಜರಾಗುತ್ತೇನೆ.

ಜುಲೈ ಸಂಬಳದ ಹಾಜರಾತಿ ಪಟ್ಟಿಯನ್ನು 29ಕ್ಕೆ ಮುಗಿಸಬೇಕಿದೆ. 20ನೇ ತಾರೀಖಿನವರೆಗಿನ ಪಟ್ಟಿ ವಿಭಾಗದ ಫೋಲ್ಡರಿನಲ್ಲಿದೆ. ಉಳಿದ ದಿನಗಳದ್ದನ್ನು ಸೇರಿಸಲು ಪಕ್ಕದ ಮೇಜಿನ ಸಹೋದ್ಯೋಗಿಯೊಂದಿಗೆ ಫೋನಿನಲ್ಲಿ ಮಾತಾಡಿದ್ದೇನೆ, ಅವರು ಒಪ್ಪಿದ್ದಾರೆ. ಓವರ್‌ಟೈಮ್ ಲೆಕ್ಕ ಮಾತ್ರ ಬಾಕಿ. ಅದನ್ನು 31ರ ಮಧ್ಯಾಹ್ನದೊಳಗೆ ನಾನೇ ಮುಗಿಸುತ್ತೇನೆ. ಇಲ್ಲಿ ನೆಟ್‌ವರ್ಕ್ ದುರ್ಬಲವಾದ್ದರಿಂದ ಇಲ್ಲಿಂದ ಕೆಲಸ ಮಾಡಲು ಆಗದು. ಸಂಜೆ 6ರಿಂದ 8ರವರೆಗೆ ನನ್ನ ಪತಿಯ ಈ ನಂಬರಿನಲ್ಲಿ ಸಿಗುತ್ತೇನೆ.

30ರ ವಿಮಾನವೂ ರದ್ದಾದರೆ ಅಂದು ಬೆಳಿಗ್ಗೆ 9 ಗಂಟೆಯೊಳಗೆ ತಿಳಿಸುತ್ತೇನೆ. ರದ್ದತಿಯ ಸಂದೇಶ ಮತ್ತು ಹೊಸ ಟಿಕೆಟ್ ಲಗತ್ತಿಸಿದ್ದೇನೆ.

ತಮ್ಮ ವಿಶ್ವಾಸಿ,
(ಹೆಸರು, ಉದ್ಯೋಗಿ ಸಂಖ್ಯೆ, ವಿಭಾಗ)

ಇದರಲ್ಲಿ ನನಗೆ ಹಿಡಿಸಿದ್ದು ಮೂರನೇ ಪ್ಯಾರಾ. "ಕೆಲಸಕ್ಕೆ ತೊಂದರೆಯಾಗದಂತೆ ನೋಡಿಕೊಳ್ಳುತ್ತೇನೆ" ಎಂದು ಎಲ್ಲರೂ ಬರೆಯುತ್ತಾರೆ. ಇಲ್ಲಿ ಪಟ್ಟಿ ಎಲ್ಲಿದೆ, ಎಷ್ಟಾಗಿದೆ, ಯಾರು ಮಾಡುತ್ತಾರೆ, ಏನು ಬಾಕಿ ಎಂಬುದು ಇದೆ. ತಿಂಗಳ ಕೊನೆಯಲ್ಲಿ ಅವಳ ಮ್ಯಾನೇಜರ್‌ಗೆ ಇದ್ದ ಭಯ ಒಂದೇ, 320 ಜನರ ಸಂಬಳ ತಡವಾದರೆ ಏನು ಮಾಡುವುದು ಎಂದು. ಅದಕ್ಕೆ ಉತ್ತರ ಸಿಕ್ಕ ಮೇಲೆ ರಜೆ ಮಂಜೂರು ಮಾಡಲು ಅವರು ಐದು ನಿಮಿಷವೂ ತೆಗೆದುಕೊಳ್ಳಲಿಲ್ಲ. ಇನ್ನೊಂದು, ಆಗದ್ದನ್ನು ಆಗದು ಎಂದೇ ಹೇಳಿದ್ದಾಳೆ. ನೆಟ್‌ವರ್ಕ್ ಇಲ್ಲದ ಕಡೆಯಿಂದ "ಇಲ್ಲಿಂದಲೇ ಕೆಲಸ ಮಾಡುತ್ತೇನೆ" ಎಂದು ಮಾತು ಕೊಟ್ಟು, ಆಮೇಲೆ ಫೋನಿಗೂ ಸಿಗದೆ ಹೋದರೆ ರಜೆಗಿಂತ ಅದೇ ದೊಡ್ಡ ದೂರಾಗುತ್ತದೆ.

ಮಗುವಿಗೆ ಎತ್ತರದ ಜಾಗದಲ್ಲಿ ತಲೆನೋವು, ಹೋಟೆಲಿಗೆ ಎರಡು ರಾತ್ರಿಯ ಹೆಚ್ಚುವರಿ ಖರ್ಚು, ಇವೆಲ್ಲ ನಿಜವಾಗಿತ್ತು. ಪತ್ರದಲ್ಲಿ ಅವಳು ಬರೆಯಲಿಲ್ಲ, ಫೋನಿನಲ್ಲಿ ಹೇಳಿಕೊಂಡಳು. ಅದು ಸರಿಯಾದ ಜಾಗ. ಪತ್ರ ಕಡತಕ್ಕೆ ಹೋಗುತ್ತದೆ, ಅಲ್ಲಿ ತಾರೀಖು ಸಾಕು.

ಕಳಿಸಿದ ಮೇಲೆ

ಮ್ಯಾನೇಜರ್ ವಾಟ್ಸಾಪಿನಲ್ಲಿ ಹೆಬ್ಬೆರಳ ಗುರುತು ಹಾಕಿದರೆಂದು ನಿಶ್ಚಿಂತರಾಗಬೇಡಿ. ಅದು ಹಾಜರಾತಿ ತಂತ್ರಾಂಶಕ್ಕೆ ಗೊತ್ತಾಗುವುದಿಲ್ಲ. ರಜೆ ಅರ್ಜಿ ಅಲ್ಲಿ ದಾಖಲಾಗದಿದ್ದರೆ ಆ ಎರಡು ದಿನ ಗೈರುಹಾಜರಿ ಎಂದೇ ಬೀಳುತ್ತದೆ, ಸಂಬಳ ಕಡಿತವಾದ ಮೇಲೆ ಸರಿಪಡಿಸಲು ಮುಂದಿನ ತಿಂಗಳವರೆಗೆ ಕಾಯಬೇಕು. ಮೇಲ್‌ನ ಪ್ರತಿ ಸಿಬ್ಬಂದಿ ವಿಭಾಗಕ್ಕೂ ಹೋಗಲಿ. ನಿಮಗೆ ಲಾಗಿನ್ ಆಗದಿದ್ದರೆ "ನನ್ನ ಪರವಾಗಿ ದಾಖಲಿಸಿ" ಎಂದು ಒಂದು ಸಾಲು ಸೇರಿಸಿ. ಉತ್ತರವನ್ನು ಮೇಲ್‌ನಲ್ಲೇ ಕೇಳಿ. "ಸರ್, ಮೇಲ್‌ಗೆ ಒಂದು ರಿಪ್ಲೈ ಹಾಕಿದರೆ ಎಚ್‌ಆರ್‌ಗೆ ಅನುಕೂಲ" ಎಂದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಇದನ್ನು ಒತ್ತಿ ಹೇಳಲು ಕಾರಣವಿದೆ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1946ರ ಸ್ಥಾಯಿ ಆದೇಶಗಳ ಕಾಯ್ದೆಯ ಕೆಳಗೆ, ಕೆಲಸದ ಷರತ್ತುಗಳ ಬಗ್ಗೆ ಕೇಂದ್ರ ಸರ್ಕಾರ ರೂಪಿಸಿದ್ದ ಮಾದರಿ ಆದೇಶದಲ್ಲಿ ಒಂದು ಮಾತಿತ್ತು: ರಜೆ ಮುಗಿದ 8 ದಿನದೊಳಗೆ ಮರಳಿ, ತಡವಾದುದಕ್ಕೆ ಮಾಲೀಕರಿಗೆ ಒಪ್ಪಿಗೆಯಾಗುವ ವಿವರಣೆ ಕೊಡದಿದ್ದರೆ ಕಾರ್ಮಿಕ ಆ ಹುದ್ದೆಯ ಮೇಲಿನ ಹಕ್ಕನ್ನೇ ಕಳೆದುಕೊಳ್ಳುತ್ತಾನೆ. ಬಹಳಷ್ಟು ಕಾರ್ಖಾನೆಗಳ ಆದೇಶಗಳು ಇದೇ ಅಚ್ಚಿನವು. ಎರಡು ದಿನಕ್ಕೆ ಯಾರೂ ಅಷ್ಟು ದೂರ ಹೋಗುವುದಿಲ್ಲ. ಆದರೆ ಹಿಮ ಬಿದ್ದೋ, ನಿಲ್ದಾಣವೇ ಮುಚ್ಚಿಯೋ ವಾರಗಟ್ಟಲೆ ಸಿಕ್ಕಿಹಾಕಿಕೊಂಡವರಿಗೆ ಬರಹದಲ್ಲಿರುವ ವಿವರಣೆಯೇ ಆಸರೆ. 2025ರ ಮೇ ತಿಂಗಳಲ್ಲಿ ಲೇಹ್, ಶ್ರೀನಗರ ಸೇರಿ ಉತ್ತರ ಮತ್ತು ಪಶ್ಚಿಮ ಭಾರತದ 32 ವಿಮಾನ ನಿಲ್ದಾಣಗಳು ನಾಗರಿಕ ವಿಮಾನಗಳಿಗೆ ದಿನಗಟ್ಟಲೆ ಮುಚ್ಚಿದ್ದವು.

ಮತ್ತೆ ರದ್ದಾದರೆ ಹೊಸದಾಗಿ ಎಲ್ಲ ಬರೆಯಬೇಕಿಲ್ಲ. ಅದೇ ಮೇಲ್‌ಗೆ ಉತ್ತರವಾಗಿ: "28ರ ನನ್ನ ಪತ್ರದ ಮುಂದುವರಿಕೆ. ಇಂದಿನ ವಿಮಾನವೂ ರದ್ದಾಗಿದೆ. 31ರ ಬುಧವಾರ ಒಂದು ದಿನ ಹೆಚ್ಚುವರಿ ರಜೆ ಕೋರುತ್ತೇನೆ. ಆಗಸ್ಟ್ 1, ಗುರುವಾರ ಹಾಜರಾಗುತ್ತೇನೆ. ಓವರ್‌ಟೈಮ್ ಲೆಕ್ಕವನ್ನು ಯಾರು ಮಾಡಬೇಕೆಂದು ಈಗಲೇ ಫೋನಿನಲ್ಲಿ ಮಾತಾಡುತ್ತೇನೆ." ಇಂಥದ್ದಕ್ಕೆ ಹೆದರಿ ಮೊದಲ ಪತ್ರದಲ್ಲೇ "ಇರಲಿ" ಎಂದು ಒಂದೆರಡು ದಿನ ಹೆಚ್ಚಿಗೆ ಕೇಳುವವರಿದ್ದಾರೆ. ನನ್ನ ಮಾತು ಕೇಳುವುದಾದರೆ ಬೇಡ. ಟಿಕೆಟ್ ಯಾವ ದಿನ ತೋರಿಸುತ್ತದೋ ಅದನ್ನೇ ಕೇಳಿ. ಟಿಕೆಟ್ಟಿಗೂ ಪತ್ರಕ್ಕೂ ತಾಳೆಯಾದರೆ ಎರಡನೇ ಪತ್ರವನ್ನೂ ನಂಬುತ್ತಾರೆ.

ವಿಸ್ತರಣೆ ಆಗುವುದಿಲ್ಲ ಎಂದು ಉತ್ತರ ಬಂದರೆ ವಾದಕ್ಕೆ ಇಳಿಯಬೇಡಿ. "ಬರಲು ದಾರಿಯೇ ಇಲ್ಲದ ಕಾರಣ ಈ ಎರಡು ದಿನವನ್ನು ಸಂಬಳರಹಿತ ರಜೆಯಾಗಿ ಪರಿಗಣಿಸಬೇಕು" ಎಂದು ಅದೇ ಮೇಲ್‌ನಲ್ಲಿ ದಾಖಲೆಯ ಸಮೇತ ಮತ್ತೊಮ್ಮೆ ಕೋರಿ. ಒಂದೆರಡು ದಿನದ ಸಂಬಳ ಹೋಗಬಹುದು, ಹೇಳದೆ ಕೇಳದೆ ಗೈರಾದರು ಎಂಬ ಮಾತು ನಿಮ್ಮ ಕಡತದಲ್ಲಿ ಕೂರುವುದಿಲ್ಲ.

ಬುಧವಾರ ಬೆಳಿಗ್ಗೆ ಅವಳು ಬಂದಾಗ ಮುಖವೆಲ್ಲ ಬಿಸಿಲಿಗೆ ಸುಟ್ಟು ಕಪ್ಪಾಗಿತ್ತು. ಕೂರುವ ಮೊದಲೇ ನನ್ನ ಮೇಜಿಗೆ ಬಂದು ಎರಡು ಬೋರ್ಡಿಂಗ್ ಪಾಸ್ ಇಟ್ಟಳು, ಲೇಹ್–ದೆಹಲಿಯದೊಂದು, ದೆಹಲಿ–ಬೆಂಗಳೂರಿನದೊಂದು, ಎರಡರ ಮೇಲೂ 30ರ ತಾರೀಖು. ಅವನ್ನು ಅವಳ ಪತ್ರದ ಹಿಂದೆ ಪಿನ್ ಮಾಡಿ ಕಡತಕ್ಕೆ ಹಾಕಿದೆ. "ಓವರ್‌ಟೈಮ್ ಶೀಟ್ ಎಲ್ಲಿದೆ ಮೇಡಂ?" ಎಂದು ಕೇಳುತ್ತಲೇ ತನ್ನ ಜಾಗಕ್ಕೆ ಹೋದಳು.